ಮೂರು ಕಾಗದಗಳ ಲೆಕ್ಕ

ದಿನಸಿ ತರಿಸುವ ಪ್ರತಿಯೊಂದು ಮನೆಯಲ್ಲಿಯೂ ತಿಂಗಳಿಗೊಮ್ಮೆ ಒಂದು ಸಣ್ಣ ವಿಚಾರಣೆ ನಡೆಯುವುದುಂಟು. ಮನೆಯಾಕೆ ಬರೆದುಕೊಟ್ಟ ಚೀಟಿ ಒಂದು ಕಡೆ, ಅಡಿಗೆಮನೆಯಲ್ಲಿ ಇಳಿದ ಸಾಮಾನು ಇನ್ನೊಂದು ಕಡೆ, ಅಂಗಡಿಯವನ ಬಿಲ್ಲು ಮತ್ತೊಂದು ಕಡೆ. ಚೀಟಿಯಲ್ಲಿ ಎರಡು ಕಿಲೋ ತೊಗರಿಬೇಳೆ, ಡಬ್ಬಿಗೆ ಸುರಿದದ್ದು ಒಂದೂವರೆ, ಬಿಲ್ಲಿನಲ್ಲಿ ಮತ್ತೆ ಎರಡು ಎಂದಾದರೆ ದುಡ್ಡಿಗಿಂತ ಮೊದಲು ಮಾತು ಹೊರಡುತ್ತದೆ. ಕಾರ್ಖಾನೆಗಳಲ್ಲಿ ನಡೆಯುವುದೂ ಇದೇ ವಿಚಾರಣೆ. ಆದರೆ ಅಲ್ಲಿ ಸಾಮಾನು ಬೇಕೆಂದು ಬರೆದವರು ಒಬ್ಬರು, ಬಂದುದನ್ನು ಎಣಿಸಿಕೊಂಡವರು ಇನ್ನೊಬ್ಬರು, ಹಣ ಕೊಡುವವರು ಮೂರನೆಯವರು. ಒಬ್ಬರು ಕಂಡದ್ದು ಮತ್ತೊಬ್ಬರಿಗೆ ತಿಳಿಯುವುದು ಕಾಗದದ ಮೂಲಕವೇ. ಖರೀದಿ ಆದೇಶ, ಸರಕು ಸ್ವೀಕೃತಿ ಪತ್ರ, ಮಾರಿದವನ ಬಿಲ್ಲು ಎಂಬ ಈ ಮೂರನ್ನೂ ಒಂದರ ಪಕ್ಕದಲ್ಲೊಂದಿಟ್ಟು, ಹೊಂದಿಕೆಯಾದ ಮೇಲೆಯೇ ಹಣ ಕೊಡುವುದು ಲೆಕ್ಕಪತ್ರ ವಿಭಾಗದ ಪದ್ಧತಿ.

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಿದ್ಧ ಉಡುಪಿನ ಕಾರ್ಖಾನೆಯಿದೆಯೆಂದು ಭಾವಿಸಬಹುದು. ಅಂಗಿಗಳನ್ನು ತುಂಬಿ ಕಳುಹಿಸಲು ಅದಕ್ಕೆ ರಟ್ಟಿನ ಪೆಟ್ಟಿಗೆಗಳು ಬೇಕು. ಖರೀದಿ ಅಧಿಕಾರಿ ಪೆಟ್ಟಿಗೆಯೊಂದಕ್ಕೆ 60 ರೂಪಾಯಿಯಂತೆ 1000 ಪೆಟ್ಟಿಗೆಗಳಿಗೆ ಆದೇಶ ಬರೆದರು. ಕೆಲವು ದಿನಗಳಲ್ಲಿ ಲಾರಿ ಬಂದಿತು. ಅದರ ಬೆನ್ನಿಗೇ ಬಿಲ್ಲೂ ಬಂದಿತು: 1000 ಪೆಟ್ಟಿಗೆ, ದರ 63 ರೂಪಾಯಿ, ಒಟ್ಟು, ತೆರಿಗೆಯನ್ನು ಬಿಟ್ಟು, 63,000 ರೂಪಾಯಿ. ಆದರೆ ಉಗ್ರಾಣದವನ ಸ್ವೀಕೃತಿ ಪತ್ರ ಬೇರೊಂದು ಕಥೆಯನ್ನು ಹೇಳುತ್ತಿತ್ತು. ಬಂದದ್ದು 960; ಅದರಲ್ಲಿ ಮಳೆಗೆ ನೆನೆದು ಮೆತ್ತಗಾದವು 20; ಒಪ್ಪಿಕೊಂಡದ್ದು 940.

ಈ ಮೂರು ಕಾಗದಗಳಲ್ಲಿ ಹೆಚ್ಚಿನ ಬೆಲೆಯುಳ್ಳದ್ದು ಯಾವುದು? ಅನೇಕರು ಬಿಲ್ಲೆಂದಾರು, ಕೆಲವರು ಆದೇಶವೆಂದಾರು. ನಿಜವಾಗಿ ನೋಡಿದರೆ, ಆದೇಶ ಬರೆದವರು ಸರಕನ್ನು ಕಂಡಿಲ್ಲ. ಬಿಲ್ಲು ಬರೆದವರು ತಾವು ಕಳುಹಿಸಿದೆವೆಂದು ನಂಬಿದ್ದನ್ನು ಬರೆದಿದ್ದಾರೆ. ಬಾಗಿಲಿಗೆ ಬಂದ ಸರಕನ್ನು ಕಣ್ಣಾರೆ ಕಂಡು ಕೈಯಾರೆ ಎಣಿಸಿದವನ ಕಾಗದ ಸ್ವೀಕೃತಿ ಪತ್ರವೊಂದೇ. ಆದುದರಿಂದಲೇ ಅದು ಕೆಟ್ಟರೆ ಉಳಿದೆರಡು ಎಷ್ಟು ಸರಿಯಾಗಿದ್ದರೂ ಪ್ರಯೋಜನವಿಲ್ಲ. ಅದು ಕೆಡುವ ಬಗೆಯೂ ಬಹು ಸರಳ. ಮಧ್ಯಾಹ್ನದ ಊಟದ ಹೊತ್ತು, ಲಾರಿಯವನ ಅವಸರ. ಉಗ್ರಾಣದವನು ಎಣಿಸುವ ಬದಲು ಲಾರಿಯವನ ಚಲನ್ ನೋಡಿ ‘1000’ ಎಂದು ಬರೆದುಬಿಡುತ್ತಾನೆ. ಆಗ ಮೂರು ಕಾಗದಗಳು ಹೊಂದಿಕೆಯಾದಂತೆ ಕಂಡರೂ ಇರುವುದು ಎರಡೇ. ಮೂರನೆಯದು ಒಂದರ ನಕಲು. ಇದನ್ನು ತಡೆಯಲು ಕೆಲವು ಸಂಸ್ಥೆಗಳು ಉಗ್ರಾಣಕ್ಕೆ ಕಳುಹಿಸುವ ಆದೇಶದ ಪ್ರತಿಯಲ್ಲಿ ಸಂಖ್ಯೆಯನ್ನೇ ಮರೆಮಾಡುತ್ತವೆ. ಸಂಖ್ಯೆ ಕಾಣದಿದ್ದರೆ ಎಣಿಸದೆ ವಿಧಿಯಿಲ್ಲ. ತಿಂಗಳುಗಟ್ಟಲೆ ಒಂದು ಉಗ್ರಾಣದಿಂದ ಒಂದೇ ಒಂದು ಕೊರತೆಯೂ ವರದಿಯಾಗದಿದ್ದರೆ ಅನುಭವಿಗಳಾದ ಲೆಕ್ಕಪರಿಶೋಧಕರು ಸಂತೋಷಪಡುವುದಿಲ್ಲ; ಸಂಶಯಪಡುತ್ತಾರೆ.

ಪೀಣ್ಯದ ಉಗ್ರಾಣದವನು ಎಣಿಸಿದ್ದನು. ಬಿಲ್ಲಿಗೂ ನಿಜವಾಗಿ ಸಲ್ಲಬೇಕಾದ ಹಣಕ್ಕೂ ಇರುವ ವ್ಯತ್ಯಾಸ 6,600 ರೂಪಾಯಿ. ಇಂದು ಕಂಪ್ಯೂಟರು ಈ ಅಂಕಿಯನ್ನು ಕ್ಷಣಾರ್ಧದಲ್ಲಿ ತೋರಿಸಿ ಬಿಲ್ಲನ್ನು ತಡೆಹಿಡಿಯುತ್ತದೆ. ಆದರೆ ಈ 6,600 ಒಂದು ತಪ್ಪಲ್ಲ, ಮೂರು. ಸಾವಿರ ಪೆಟ್ಟಿಗೆಗೆ ಮೂರು ರೂಪಾಯಿಯಂತೆ ದರದ ವ್ಯತ್ಯಾಸ 3,000; ಬಾರದ 40 ಪೆಟ್ಟಿಗೆಗಳದು 2,400; ನೆನೆದ 20ರದು 1,200. ಮೂರಕ್ಕೂ ಉತ್ತರ ಬಲ್ಲವರು ಬೇರೆ ಬೇರೆ. ಹೀಗೆ ಒಡೆದು ನೋಡದೆ ಇಡೀ ಬಿಲ್ಲನ್ನು ‘ತಕರಾರು’ ಎಂದು ಮೂಲೆಗೆ ಸೇರಿಸುವುದೇ ಕಚೇರಿಗಳಲ್ಲಿ ಸಾಮಾನ್ಯವಾಗಿ ನಡೆಯುವ ಅನ್ಯಾಯ. ಪೆಟ್ಟಿಗೆ ಮಾಡುವವನು ಸಣ್ಣ ಉದ್ದಿಮೆಯವನು. 6,600ರ ಜಗಳಕ್ಕಾಗಿ ಅವನ 56,400 ರೂಪಾಯಿ ಸೆರೆಯಾದರೆ ಶನಿವಾರದ ಬಟವಾಡೆಗೆ ಅವನು ಸಾಲ ಹುಡುಕಬೇಕು. ಲೆಕ್ಕಪತ್ರದ ಗುಮಾಸ್ತೆ ಅನುಮತಿ ಪಡೆದು, ಒಪ್ಪಿದ 940ಕ್ಕೆ ಆದೇಶದ ದರದಂತೆ ಆ 56,400ನ್ನು ಪಾವತಿಗೆ ಬಿಟ್ಟು, ಉಳಿದುದನ್ನಷ್ಟೇ ಹಿಡಿದನು.

ದರದ ಪ್ರಶ್ನೆ ಖರೀದಿ ಅಧಿಕಾರಿಗೆ ಹೋಯಿತು. “ಕಾಗದದ ಬೆಲೆ ಏರಿದೆಯೆಂದು ಅವರು ಫೋನು ಮಾಡಿದ್ದರು. 63ಕ್ಕೆ ಒಪ್ಪಿದ್ದು ನಿಜ, ಆದರೆ ಮುಂದಿನ ಆರ್ಡರಿನಿಂದ” ಎಂದರು ಅವರು. ಪೆಟ್ಟಿಗೆಯವರ ಕಚೇರಿಯಲ್ಲಿ ಹೊಸ ದರವನ್ನು ಹಳೆಯ ಆದೇಶಕ್ಕೂ ಹಾಕಿಬಿಟ್ಟಿದ್ದರು. ಒಂದು ವೇಳೆ ಈ ಆದೇಶಕ್ಕೇ ಒಪ್ಪಿದ್ದರೆ, ದರ ಬದಲಿಸುವ ಅಧಿಕಾರವುಳ್ಳವರು ತಿದ್ದುಪಡಿ ಆದೇಶವನ್ನು ಹೊರಡಿಸಬೇಕಾಗಿತ್ತು. ಗುಮಾಸ್ತೆ ತಾನೇ ಕಂಪ್ಯೂಟರಿನಲ್ಲಿ 60ನ್ನು 63 ಮಾಡಿ ಹೊಂದಿಸುವುದು ಪರಿಹಾರವಲ್ಲ, ಸಾಕ್ಷ್ಯನಾಶ.

ಕೊರತೆಯ ಪ್ರಶ್ನೆ ಉಗ್ರಾಣಕ್ಕೆ ಹಿಂತಿರುಗಿತು. ಪೆಟ್ಟಿಗೆಗಳು ಮಡಿಸಿದ ಸ್ಥಿತಿಯಲ್ಲಿ ಇಪ್ಪತ್ತರ ಕಟ್ಟುಗಳಾಗಿ ಬರುತ್ತವೆ. ಚಲನ್‌ನಲ್ಲಿ 50 ಕಟ್ಟು, ಉಗ್ರಾಣದ ಲೆಕ್ಕದಲ್ಲಿ 48. ಗೇಟಿನ ಕಾವಲುಗಾರನ ಪುಸ್ತಕದಲ್ಲಿಯೂ 48 ಎಂದೇ ಇತ್ತು. ಚಲನ್‌ನ ಮೇಲೆ ‘ಎರಡು ಕಟ್ಟು ಕಡಿಮೆ’ ಎಂದು ಬರೆದಲ್ಲಿ ಚಾಲಕನ ಸಹಿಯೂ ಇತ್ತು. ಇದನ್ನು ಕಂಡ ಪೆಟ್ಟಿಗೆಯವನು ವಾದಕ್ಕೆ ನಿಲ್ಲಲಿಲ್ಲ. “ಹುಡುಕಿಸುತ್ತೇನೆ ಸಾರ್” ಎಂದವನಿಗೆ ತನ್ನ ಗೋದಾಮಿನಲ್ಲಿಯೇ ಎರಡು ಕಟ್ಟುಗಳು ಸಿಕ್ಕಿದವು. ಮರುವಾರ ಅವು ಬಂದಾಗ ಹಳೆಯ ಸ್ವೀಕೃತಿ ಪತ್ರವನ್ನು ತಿದ್ದದೆ, ಆ ದಿನದ ತಾರೀಖಿನಲ್ಲಿ 40ಕ್ಕೆ ಹೊಸ ಪತ್ರ ಬರೆಯಲಾಯಿತು. ಅದರ 2,400 ರೂಪಾಯಿ ಪಾವತಿಯಾಯಿತು.

ನೆನೆದ ಇಪ್ಪತ್ತು ಪೆಟ್ಟಿಗೆಗಳು ಅದೇ ಲಾರಿಯಲ್ಲಿ ಹಿಂದಕ್ಕೆ ಹೋದವು. ಉಳಿದ 4,200 ರೂಪಾಯಿಗೆ ಪೆಟ್ಟಿಗೆಯವನು ಕ್ರೆಡಿಟ್ ನೋಟ್ ಬರೆದುಕೊಟ್ಟನು. ಬಾಯಿಮಾತಿನಲ್ಲಿ ‘ಬಿಟ್ಟುಬಿಡಿ’ ಎಂದರೆ ಸಾಲದೆ ಎಂದು ಕೇಳಬಹುದು. ಸಾಲದು. ಬಿಲ್ಲಿನಲ್ಲಿ ಜಿ.ಎಸ್.ಟಿ. ಸೇರಿದೆ. ಮಾರಿದವನು ಹೆಚ್ಚಿಗೆ ತೋರಿಸಿದ ತೆರಿಗೆಯನ್ನು ಇಳಿಸಿಕೊಳ್ಳಲು ಆ ಪತ್ರವೇ ದಾರಿ. ಕೊಂಡವನಿಗಾದರೋ ಕೈಸೇರದ ಸರಕಿನ ತೆರಿಗೆಯನ್ನು ಜಮಾ ಪಡೆಯುವ ಹಕ್ಕಿಲ್ಲ. ಒಂದೇ ಬಿಲ್ಲಿನ ಸರಕು ಕಂತುಗಳಲ್ಲಿ ಬಂದರೆ, ಕೊನೆಯ ಕಂತು ಬಂದ ಮೇಲೆಯೇ ಆ ಜಮಾ ದೊರೆಯುತ್ತದೆ.

ಈ ಓಡಾಟಕ್ಕೆಲ್ಲ ಕಾಲದ ಮಿತಿಯೂ ಉಂಟು. 2006ರ ಸಣ್ಣ ಉದ್ದಿಮೆಗಳ ಕಾನೂನಿನಂತೆ ಇಂತಹ ನೋಂದಾಯಿತ ತಯಾರಕನಿಗೆ, ಲಿಖಿತ ಕರಾರಿದ್ದರೂ, ಸರಕನ್ನು ಒಪ್ಪಿದ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ. ಸರಕಿನ ಬಗ್ಗೆ ಆಕ್ಷೇಪವಿದ್ದರೆ ಅದು ಬಂದ 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕು. ಹಾಗೆ ತಿಳಿಸಿದರೆ, ಆಕ್ಷೇಪ ನಿವಾರಣೆಯಾದ ದಿನದಿಂದ ಲೆಕ್ಕ ಆರಂಭ. ಕಡತದಲ್ಲಿ ಮೌನವಾಗಿ ಮಲಗಿದ ತಕರಾರಿಗೆ ಈ ರಕ್ಷಣೆಯಿಲ್ಲ.

ಪೈಸೆ ಪೈಸೆಗೂ ಹೀಗೆ ವಿಚಾರಣೆ ನಡೆಸಿದರೆ ಗುಮಾಸ್ತೆಯ ಸಂಬಳವೇ ದುಬಾರಿಯಾದೀತು. ಆದುದರಿಂದ ಸಂಸ್ಥೆಗಳು ನೂರಕ್ಕೆ ಒಂದೋ ಎರಡೋ ಎಂಬಂತೆ ಸಣ್ಣ ವ್ಯತ್ಯಾಸಕ್ಕೆ ವಿನಾಯಿತಿ ಕೊಡುತ್ತವೆ. ಇದರಲ್ಲೊಂದು ಬಿರುಕಿದೆ. ವಿನಾಯಿತಿ ನೂರಕ್ಕೆ ಎರಡೆಂದು ಮಾರುವವನಿಗೆ ತಿಳಿದರೆ ಅವನ ಬಿಲ್ಲುಗಳು ನೂರಕ್ಕೆ ಒಂದೂ ಮುಕ್ಕಾಲರಷ್ಟು ಹೆಚ್ಚಾಗತೊಡಗುತ್ತವೆ. ಪ್ರಾಮಾಣಿಕವಾದ ತಪ್ಪು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ವ್ಯತ್ಯಾಸಗಳೆಲ್ಲ ಮಾರುವವನ ಲಾಭದ ಕಡೆಗೇ ವಾಲುತ್ತಿದ್ದರೆ ಆ ಬಿಲ್ಲುಗಳನ್ನೆಲ್ಲ ಒಟ್ಟಿಗೆ ಹರಡಿ ನೋಡಬೇಕು.

ಇಷ್ಟೆಲ್ಲ ಮಾಡಿದರೂ ಮೂರು ಕಾಗದಗಳ ಕಣ್ಣಿಗೆ ಬೀಳದ ಸಂಗತಿಗಳಿವೆ. 52 ರೂಪಾಯಿಗೆ ಸಿಗುವ ಪೆಟ್ಟಿಗೆಗೆ ಖರೀದಿ ಅಧಿಕಾರಿಯೇ 60 ಎಂದು ಬರೆದಿದ್ದರೆ, ಪೆಟ್ಟಿಗೆ 60ರಂತೆ ಬರುತ್ತದೆ, ಬಿಲ್ಲೂ 60ರಂತೆ ಬರುತ್ತದೆ, ಎಲ್ಲವೂ ಹೊಂದಿಕೆಯಾಗುತ್ತದೆ. ಆ ಎಂಟು ರೂಪಾಯಿಯನ್ನು ಹುಡುಕಬೇಕಾದರೆ ಆದೇಶಕ್ಕೂ ಹಿಂದೆ ಹೋಗಿ, ಬೇರೆ ಯಾರು ಯಾರಿಂದ ದರಪಟ್ಟಿ ತರಿಸಿದ್ದರು ಎಂಬ ಕಡತವನ್ನು ತೆರೆಯಬೇಕು.