ಹೊಲಿಗೆಗೆ ಎಷ್ಟು ಅಂಕ?

ಕೆಲಸಗಳನ್ನು ಮೇಲು-ಕೀಳೆಂದು ಸಾಲಾಗಿ ನಿಲ್ಲಿಸಿ ಸಂಬಳ ಗೊತ್ತುಮಾಡುವುದು ಸುಲಭದ ಕ್ರಮ. ಅಂಕಪದ್ಧತಿ ಅದಕ್ಕಿಂತ ನ್ಯಾಯವೆಂದು ತೋರುತ್ತದೆ. ಕುಶಲತೆ, ಹೊಣೆ, ಶ್ರಮ, ಕೆಲಸದ ಪರಿಸರ, ಒಂದೊಂದಕ್ಕೂ ಅಂಕವಿತ್ತು, ಮೊತ್ತದಿಂದ ದರ್ಜೆ ನಿರ್ಧರಿಸುತ್ತಾರೆ. ಆದರೆ ಯಾವ ಗುಣಕ್ಕೆ ಎಷ್ಟು ತೂಕವೆಂದು ಮೊದಲೇ ನಿಶ್ಚಯಿಸುವವರು ಮನುಷ್ಯರೇ ತಾನೆ!

ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಆಸನಗಳ ಗವುಸು ಹೊಲಿಯುತ್ತಿದ್ದ ಹೆಂಗಸರಿಗೆ ಇಂಥದೇ ಮೌಲ್ಯಮಾಪನದಲ್ಲಿ ದಕ್ಕಿದ್ದು ಕಡಿಮೆ ಕುಶಲತೆಯ ‘ಬಿ’ ದರ್ಜೆ. ಸೋಜಿಗವೆಂದರೆ, ಹೊಲಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದವರಿಗೆ ಅಲ್ಲಿ ಆ ಕೆಲಸವೇ ಸಿಗುತ್ತಿರಲಿಲ್ಲ! 1968ರ ಜೂನ್ ತಿಂಗಳಲ್ಲಿ 187 ಮಂದಿ ಯಂತ್ರ ಬಿಟ್ಟೆದ್ದರು. ಮೂರು ವಾರಗಳ ಬಳಿಕ ಸಂಬಳವೇನೋ ಏರಿತು. ದರ್ಜೆ ಮಾತ್ರ ಕದಲಲಿಲ್ಲ. ‘ಸಿ’ ದರ್ಜೆ ಕೈಸೇರಿದ್ದು 1984ರಲ್ಲಿ ಮತ್ತೊಮ್ಮೆ ಮುಷ್ಕರ ಹೂಡಿದ ಮೇಲೆಯೇ.