ಇಪ್ಪತ್ಮೂರು ಪಾರ್ಸಲ್ ಬೈಕಿಗೆ, ಉಳಿದದ್ದು ಹುಡುಗನಿಗೆ

ಬೆಳಿಗ್ಗೆ ಎಂಟಕ್ಕೆ ಹಾವೇರಿ ಜಿಲ್ಲೆಯ ಯಾವುದೇ ತಾಲ್ಲೂಕು ಕೇಂದ್ರದ ಪಾರ್ಸಲ್ ಗೋದಾಮಿನ ಮುಂದೆ ಹೋಗಿ ನಿಲ್ಲಿ. ಹತ್ತು ಹದಿನೈದು ಹುಡುಗರು ಬೆನ್ನಿಗೊಂದು ದೊಡ್ಡ ಚೀಲ, ಟ್ಯಾಂಕಿನ ಮೇಲೊಂದು ಚೀಲ ಕಟ್ಟಿಕೊಂಡು ಹೊರಡುತ್ತಿರುತ್ತಾರೆ. ಅವರಲ್ಲಿ ಒಬ್ಬ ನಮ್ಮ ಪಕ್ಕದ ಓಣಿಯವನು. ಡಿಗ್ರಿ ಮುಗಿಸಿ ಎರಡು ವರ್ಷವಾಯಿತು. ಹಿರೇಕೆರೂರಿನಿಂದ ಹಂಸಭಾವಿ, ಚಿಕ್ಕೇರೂರು ಕಡೆಯ ಹಳ್ಳಿಗಳ ಲೈನು ಅವನದು.

"ಪೆಟ್ರೋಲ್ ಖರ್ಚು ಹೋಗಿ ದಿನಕ್ಕ ಮುನ್ನೂರಾ ನಲವತ್ತು ಉಳೀತೈತಿ ಅಣ್ಣಾರ, ಸಾಕಲ್ರೀ" ಅಂದ. ಸಾಕಾಗುವುದಿಲ್ಲ ಎನ್ನುವುದೇ ನಮ್ಮ ತಕರಾರು. ಆ ಮುನ್ನೂರಾ ನಲವತ್ತರಲ್ಲಿ ನೂರಿಪ್ಪತ್ತು ರೂಪಾಯಿ ಅವನ ದುಡಿಮೆಯೇ ಅಲ್ಲ. ಅದು ಅವನ ಬೈಕು. ದಿನಕ್ಕಿಷ್ಟು ಎಂದು ತುಂಡು ಮಾಡಿ ಮಾರಿಕೊಳ್ಳುತ್ತಿದ್ದಾನೆ, ಅಷ್ಟೇ.

ಒಂದು ಭಾನುವಾರ ಅವನ ಜೊತೆ ಕಟ್ಟೆಯ ಮೇಲೆ ಕೂತು ಲೆಕ್ಕ ಬರೆದೆವು. ಮೊದಲು ಮೈಲೇಜು. ಶೋರೂಮಿನವರು ಅರವತ್ತೈದು ಅಂದಿದ್ದರು, ಇವನೂ ಅದನ್ನೇ ನಂಬಿದ್ದ. ಟ್ಯಾಂಕ್ ಬಾಯಿಮಟ್ಟ ತುಂಬಿಸಿ, ಮೀಟರ್ ರೀಡಿಂಗ್ ಬರೆದುಕೊಂಡು, ಮೂರು ದಿನ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸು ಎಂದಿದ್ದೆವು. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದಾಗ ಬಂದದ್ದು ನಲವತ್ತೆಂಟು. ಅದರಲ್ಲಿ ಅಚ್ಚರಿ ಏನಿಲ್ಲ. ಮೂವತ್ತು ಕೆಜಿ ಹೊರೆ, ಮನೆಮನೆಗೆ ನಿಲ್ಲಿಸಿ ಮತ್ತೆ ಕಿಕ್ ಹೊಡೆಯುವುದು, ಹೊಲದ ದಾರಿಯಲ್ಲಿ ಸೆಕೆಂಡ್ ಗೇರು. ಪೆಟ್ರೋಲು ಲೀಟರಿಗೆ 103 ರೂಪಾಯಿ ಹಿಡಿದರೆ ಕಿಲೋಮೀಟರಿಗೆ 2 ರೂಪಾಯಿ 15 ಪೈಸೆ ಆಯಿತು.

ಇಲ್ಲಿಗೆ ಎಲ್ಲರ ಲೆಕ್ಕ ಮುಗಿಯುತ್ತದೆ. ಬಂಕಿನಲ್ಲಿ ಕೊಡುವ ದುಡ್ಡು ದಿನಾ ಕಣ್ಣಿಗೆ ಕಾಣುತ್ತದೆ. ಚೈನು ಸವೆಯುವುದು ಕಾಣುವುದಿಲ್ಲ. ಆದರೆ ಮೂರು ಸಾವಿರ ಕಿಲೋಮೀಟರಿಗೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕು, ಇವನಿಗೆ ಅದು ಹೆಚ್ಚುಕಮ್ಮಿ ಐದು ವಾರಕ್ಕೊಮ್ಮೆ ಬರುತ್ತದೆ. ಹದಿನೆಂಟು ಸಾವಿರಕ್ಕೆ ಹಿಂದಿನ ಟೈರು, ಹತ್ತಿರ ಹತ್ತಿರ ಅಷ್ಟಕ್ಕೇ ಚೈನ್ ಸ್ಪ್ರಾಕೆಟ್. ನಡುವೆ ಬ್ರೇಕ್ ಶೂ, ಕೇಬಲ್ಲು, ಬೇರಿಂಗು, ಪಂಕ್ಚರು, ಮುಂದೆಂದಾದರೂ ಕ್ಲಚ್ ಪ್ಲೇಟು. ಮೆಕ್ಯಾನಿಕ್ಕಿಗೆ ಕೊಟ್ಟ ದುಡ್ಡು ನೆನಪಿದ್ದಷ್ಟು ಬರೆದು, ಓಡಿದ ದೂರಕ್ಕೆ ಹಂಚಿದೆವು. ಕಿಲೋಮೀಟರಿಗೆ ಅರವತ್ತು ಪೈಸೆ ಬಂತು. ಆಯಿಲ್ ಬದಲಿಸುವುದನ್ನು ಮುಂದೂಡಿ ಇದನ್ನು ಉಳಿಸುತ್ತೇನೆ ಅನ್ನುವವರಿದ್ದಾರೆ. ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿದ ದಿನ ಅವರ ಉಳಿತಾಯವೆಲ್ಲ ಬೋರು ಪಿಸ್ಟನ್ನಿಗೆ ಹೋಗುತ್ತದೆ.

ಇನ್ನು ಬೈಕು. ಆನ್ ರೋಡ್ ತೊಂಬತ್ತೈದು ಸಾವಿರಕ್ಕೆ ಸಾಲದ ಮೇಲೆ ತಂದದ್ದು. ದಿನಕ್ಕೆ ತೊಂಬತ್ತು ಕಿಲೋಮೀಟರಿನಂತೆ ತಿಂಗಳಿಗೆ ಇಪ್ಪತ್ತಾರು ದಿನ ಓಡಿದರೆ ವರ್ಷಕ್ಕೆ ಇಪ್ಪತ್ತೆಂಟು ಸಾವಿರ, ಮೂರು ವರ್ಷಕ್ಕೆ ಎಂಬತ್ನಾಲ್ಕು ಸಾವಿರ ಕಿಲೋಮೀಟರು. ಅಷ್ಟು ಓಡಿದ ಬೈಕಿಗೆ ಇಪ್ಪತ್ತೈದು ಸಾವಿರ ಸಿಕ್ಕರೆ ಪುಣ್ಯ. ಕಳೆದುಹೋದ ಎಪ್ಪತ್ತು ಸಾವಿರವನ್ನು ಹಂಚಿದರೆ ಕಿಲೋಮೀಟರಿಗೆ ಎಂಬತ್ಮೂರು ಪೈಸೆ. ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಕಂತು ಮುಗಿಯುವ ತಿಂಗಳೇ ಬೈಕೂ ಮುಗಿದಿರುತ್ತದೆ.

ಮೂರನ್ನೂ ಕೂಡಿದರೆ ಕಿಲೋಮೀಟರಿಗೆ ಮೂರೂವರೆ ರೂಪಾಯಿಗೆ ಕಮ್ಮಿಯಿಲ್ಲ. ತೊಂಬತ್ತು ಕಿಲೋಮೀಟರಿಗೆ 315 ರೂಪಾಯಿ.

ಅವನಿಗೆ ಸಿಗುವುದು ತಲುಪಿಸಿದ ಪಾರ್ಸಲ್ಲಿಗೆ ಹದಿನಾಲ್ಕು ರೂಪಾಯಿ. ಅಂದರೆ ದಿನದ ಮೊದಲ ಇಪ್ಪತ್ಮೂರು ಪಾರ್ಸಲ್ ಬೈಕಿನ ಕೂಲಿ. ಇಪ್ಪತ್ನಾಲ್ಕನೆಯದರಿಂದ ಇವನ ಕೂಲಿ ಶುರು. ನಾವು ಲೆಕ್ಕ ಹಾಕಿದ ದಿನ ನಲವತ್ತೆಂಟು ಒಯ್ದು ಮೂವತ್ತೆಂಟು ತಲುಪಿಸಿದ್ದ. 532 ರೂಪಾಯಿಯಲ್ಲಿ 315 ಕಳೆದರೆ ಉಳಿದದ್ದು 217. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ, ಮೊಬೈಲ್ ರೀಚಾರ್ಜೂ ಅವನದೇ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕೆರೆ ಹೂಳೆತ್ತಲು ಹೋಗುವವರು ಸ್ವಂತ ಜೆಸಿಬಿ ತರಬೇಕಿಲ್ಲ.

ಈ ಕೆಲಸವೇ ದಂಡ ಎಂದು ನಾವು ಹೇಳುತ್ತಿಲ್ಲ. ಅದೇ ಗೋದಾಮಿನಲ್ಲಿ ಪಟ್ಟಣದೊಳಗಿನ ಲೈನು ಇರುವವನು ಮೂವತ್ತೈದು ಕಿಲೋಮೀಟರಿನಲ್ಲಿ ನಲವತ್ತೈದು ಪಾರ್ಸಲ್ ಮುಗಿಸುತ್ತಾನೆ. ಬೈಕಿನ ಖರ್ಚೆಲ್ಲ ಕಳೆದು ಅವನಿಗೆ ಐನೂರರ ಮೇಲೆ ಉಳಿಯುತ್ತದೆ. ಗೋದಾಮೂ ಒಂದೇ, ರೇಟೂ ಒಂದೇ. ವ್ಯತ್ಯಾಸ ಇರುವುದು ಎರಡು ಬಾಗಿಲುಗಳ ನಡುವಿನ ದೂರದಲ್ಲಿ, ಆ ದೂರಕ್ಕೆ ಯಾರೂ ದುಡ್ಡು ಕೊಡುತ್ತಿಲ್ಲ. ಹಳ್ಳಿಗೂ ಮನೆಬಾಗಿಲಿಗೆ ತಲುಪಿಸುತ್ತೇವೆ ಎಂದು ಜಾಹೀರಾತು ಹಾಕುವವರು ಬೇರೆ, ಆ ಮನೆಬಾಗಿಲಿನ ಖರ್ಚು ಹೊರುವವನು ಬೇರೆ.

ಗುತ್ತಿಗೆ ಹಿಡಿದವರನ್ನು ಕೇಳಿದರೆ "ಬೈಕು ಹೆಂಗೂ ಮನಿಯಾಗ ಇರ್ತೈತಿ, ಓಡಿದ್ರ ಏನಾತು" ಎನ್ನುತ್ತಾರೆ. ಮನೆಯಲ್ಲಿರುವ ಬೈಕು ಸಂತೆಗೆ, ಹೊಲಕ್ಕೆ, ಮದುವೆಗೆ ಹೋಗಿ ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರು ಓಡುತ್ತದೆ, ಹತ್ತು ವರ್ಷ ಬಾಳುತ್ತದೆ. ಅದನ್ನು ಮೂರು ವರ್ಷಕ್ಕೆ ಮುಗಿಸುವವರು ಅದರ ಬೆಲೆ ಕಟ್ಟಬೇಕು.

ನಾವು ಕೇಳುವುದು ದೊಡ್ಡದೇನಲ್ಲ. ದಿನದ ಮೊದಲ ಮೂವತ್ತು ಕಿಲೋಮೀಟರು ಪಾರ್ಸಲ್ ರೇಟಿನಲ್ಲೇ ಹೋಗಲಿ. ಅದರ ಮೇಲಿನ ಪ್ರತಿ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬೇರೆ ಕೊಡಲಿ. ಇವನಿಗೆ ದಿನಕ್ಕೆ 210 ರೂಪಾಯಿ ಸೇರುತ್ತದೆ, ಆಗ ಅದನ್ನು ಸಂಬಳ ಎನ್ನಬಹುದು. ಹೋಗಿ ವಾಪಸ್ ತಂದ ಪಾರ್ಸಲ್ಲಿಗೂ ಅರ್ಧ ರೇಟು ಕೊಡಲಿ. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ, ಕಲ್ಯಾಣ ನಿಧಿಗೆ ಕಂಪನಿಗಳಿಂದ ಶುಲ್ಕ ವಸೂಲಿ ಮಾಡುವ ಏರ್ಪಾಡು ಅದರಲ್ಲಿದೆ. ಒಳ್ಳೆಯದೇ. ಆದರೆ ಕಿಲೋಮೀಟರಿಗೆ ಇಷ್ಟು ಕೊಡಬೇಕು ಎಂದು ಅದು ಹೇಳುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಇವರಿಗೆ ಹೇಳಿರುವುದಿಲ್ಲ. ಮನೆಬಳಕೆಯ ಬೈಕಿನ ವಿಮಾ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದಕ್ಕೂ ಸರಕು ಸಾಗಿಸುವುದಕ್ಕೂ ರಕ್ಷಣೆ ಇಲ್ಲ ಎಂಬ ಷರತ್ತು ಇರುತ್ತದೆ. ಪಾರ್ಸಲ್ ಹೊತ್ತು ಹೋಗುವಾಗ ಬಿದ್ದರೆ ಬೈಕಿನ ರಿಪೇರಿ ಹಣ ಕೊಡುವುದಿಲ್ಲ ಎನ್ನಲು ವಿಮೆಯವರಿಗೆ ಅಷ್ಟು ಸಾಕು. ಪಾಲಿಸಿ ಕಾಗದದಲ್ಲಿ ಬಳಕೆಯ ಮಿತಿ ಎಂಬ ಭಾಗವನ್ನು ಒಮ್ಮೆ ಓದಿಸಿಕೊಳ್ಳಿ.

ನಮಗೇಕೆ ಇಷ್ಟು ಸಿಟ್ಟು ಎಂದರೆ, ನಾವೂ ಇದೇ ಗಾಡಿಯಲ್ಲಿ ಕೂತವರು. ಪ್ರಕಟವಾದ ಸುದ್ದಿಗೆ ಇಷ್ಟು ಎಂದು ಕೊಡುತ್ತಾರೆ, ಸುದ್ದಿಯ ಊರು ನಲವತ್ತು ಕಿಲೋಮೀಟರು ದೂರವಿದ್ದರೂ ಅಷ್ಟೇ, ಪ್ರಕಟವಾಗದಿದ್ದರೆ ಅದೂ ಇಲ್ಲ. ನಮ್ಮ ಬೈಕಿನ ಲೆಕ್ಕವನ್ನು ಇದೇ ರೀತಿ ಬರೆದು ನೋಡಿದೆವು. ಆ ಅಂಕಿ ಇಲ್ಲಿ ಹಾಕುವುದು ಬೇಡ, ಮನೆಯವರೂ ಈ ಬ್ಲಾಗ್ ಓದುತ್ತಾರೆ.

ತರಿಸಿಕೊಳ್ಳುವವರಲ್ಲೂ ಒಂದು ಕೇಳಿಕೆ. ಹಣ ಆಮೇಲೆ ಎಂದು ಆರ್ಡರ್ ಹಾಕಿ, ಹುಡುಗ ಬಂದಾಗ ಫೋನ್ ಎತ್ತದೆ ಇರುವುದು, "ಈಗ ಬ್ಯಾಡಪಾ, ಒಯ್ಯಿ" ಅನ್ನುವುದು ನಿಮಗೆ ಸಣ್ಣ ಮಾತು. ಅವತ್ತು ವಾಪಸ್ ಹೋದ ಹತ್ತು ಪಾರ್ಸಲ್ಲಿನ ಬೆಲೆ 140 ರೂಪಾಯಿ. ದೂರ ಮಾತ್ರ ಅಷ್ಟೇ ಓಡಿತ್ತು.

ಲೆಕ್ಕ ಮುಗಿದ ಮೇಲೆ ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಎದ್ದು ಹೋಗಿ ಚೈನನ್ನು ಕೈಯಿಂದ ಮೇಲೆ ಕೆಳಗೆ ಎತ್ತಿ ನೋಡಿದ, ಜೋತಾಡುತ್ತಿತ್ತು. ಸೋಮವಾರ ಗೋದಾಮಿನಲ್ಲಿ ಪಟ್ಟಣದ ಲೈನು ಕೇಳಿದ್ದಾನೆ. ಅದಕ್ಕೆ ಇವನಿಗಿಂತ ಮುಂದೆ ಆರು ಮಂದಿ ಇದ್ದಾರಂತೆ.