ಕೀಲಿಕೈ ಕಡೀಕ ಕೊಡ್ರಿ

ಅಕ್ಕಾರ, ಮನಿ ಖಾಲಿ ಮಾಡೋ ದಿವ್ಸ ಕೀಲಿಕೈ ಎಲ್ಲಾದ್ಕಿಂತ ಕಡೀಕ ಕೊಡಬೇಕು ಅಂತೀನಿ ನಾನು. ಹಿಂದ ಒಮ್ಮೆ ಗಡಿಬಿಡ್ಯಾಗ ಮೊದ್ಲ ಕೊಟ್ಟಬಿಟ್ಟಿದ್ವಿ. ಮುಂದಿನ ಕರೆಂಟ್ ಬಿಲ್ಲು ಬಂದಾಗ ಮಾಲಕರು ಪೂರ್ತಿ ನಮ್ಮ ಡಿಪಾಜಿಟ್‌ನ್ಯಾಗ ಮುರಕೊಂಡ್ರು. ಹೊಸಬರು ಉರಿಸಿದ್ದೂ ಅದರಾಗ ಇತ್ತು. ತೋರಸಾಕ ನಮ್ಮ ಕಡೆ ಏನೂ ಇರಲಿಲ್ಲ.

ಈ ಸಲ ಸಾಮಾನು ಹೋದ ಮ್ಯಾಲ ಖಾಲಿ ಖೋಲಿ, ಗ್ವಾಡಿ, ಬಚ್ಚಲದ ನಳಾ ಎಲ್ಲಾ ಫೋಟೋ ತಗದೆ. ಮೀಟರಿನ ಪರದೆ ಮ್ಯಾಲ ಅಂಕಿ ಬದಲಾಗ್ತಿರ್ತಾವ. kWh ಅಂತ ಬಂದಾಗ ಫೋಟೋ ಹೊಡದೆ: 4370. ಹಿಂದಿನ ಬಿಲ್ಲಿನ್ಯಾಗ 4312 ಇತ್ತು. ಅಂದ್ರ ನಮ್ಮದು ಬರೇ 58 ಯುನಿಟ್.

ಅದರ ರೊಕ್ಕ, ಬಣ್ಣದ ಖರ್ಚು ಕಳದು ಉಳದದ್ದೆಷ್ಟು ಅಂತ ಚೀಟಿ ಬರದು ಇಬ್ಬರೂ ಸಹಿ ಮಾಡಿದ್ವಿ. ರೊಕ್ಕ ಖಾತೆಗೆ ಬಂದ ಮ್ಯಾಲ ಮೂರೂ ಕೀಲಿಕೈ ಎಣಿಸಿ ಕೊಟ್ಟೆ. ಇದು ಅನುಮಾನ ಅಲ್ರೀ. ಲೆಕ್ಕ ಮುಗದಿದ್ರ, ನಾಳೆ ಸಂತ್ಯಾಗ ಸಿಕ್ಕಾಗ ಮಾರಿ ತಿರುವೋ ಪ್ರಸಂಗ ಬರೂದಿಲ್ಲ.